ಮೂರು ಗಂಟೆಯ ಪೇಪರಿಗೆ ಮೆದುಳಿನ ಖರ್ಚೆಷ್ಟು?

ದೇವಣಿಯಲ್ಲಿ ನಮ್ಮ ಪರಿಚಯದ ಕಿರಾಣಿ ಅಂಗಡಿಯವರ ಮಗಳು ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಕೂರುವವಳಿದ್ದಳು. ಗಣಿತದ ಪೇಪರು ಮೂರು ಗಂಟೆಯದು. ಮನೆಯವರು ಸೂರ್ಯಾಸ್ತದ ಮೇಲೆ ಉಣ್ಣುವವರಲ್ಲ. ರಾತ್ರಿಯೆಲ್ಲ ಖಾಲಿ ಹೊಟ್ಟೆ, ಮೇಲೆ ಇಷ್ಟು ಲೆಕ್ಕ ಎಂದು ತಾಯಿ ಗ್ಲುಕೋಸ್ ಡಬ್ಬಿಯನ್ನೇ ಕೈಗೆ ಕೊಡಲು ಹೊರಟರು. ತಂದೆ ನಮ್ಮನ್ನು ಕೇಳಿದರು: "ಮೆದುಳಿಗೆ ಎಷ್ಟು ಬೇಕು, ಲೆಕ್ಕ ಹಾಕಿ ಹೇಳಿ."

ಹಾಕಿದೆವು. ವಯಸ್ಕರ ಮೆದುಳಿನ ಖರ್ಚು ಸುಮಾರು 20 ವ್ಯಾಟ್. ದೇವರ ಕೋಣೆಯಲ್ಲಿ ಉರಿಯುತ್ತಿದ್ದ ಹಳೆಯ 'ಝೀರೋ ಬಲ್ಬ್' ಹೆಸರಿಗೆ ಸೊನ್ನೆಯಾದರೂ 15 ವ್ಯಾಟ್ ನುಂಗುತ್ತಿತ್ತು; ಅದಕ್ಕಿಂತ ತುಸು ಹೆಚ್ಚು, ಅಷ್ಟೇ. 20 ವ್ಯಾಟ್ ಮೂರು ಗಂಟೆ ನಡೆದರೆ 60 ವ್ಯಾಟ್-ಗಂಟೆ. ಮೀಟರಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ಇಡೀ ಪೇಪರಿನ ಬಿಲ್ಲು 60 ಪೈಸೆ! ಆಹಾರದ ಲೆಕ್ಕದಲ್ಲಿ ಇದು ಸುಮಾರು 52 ಕ್ಯಾಲೊರಿ, ಅಂದರೆ 13 ಗ್ರಾಂ ಸಕ್ಕರೆ. ಮೂರು ಚಹಾ ಚಮಚೆ.

ಆದರೆ ಬಲ್ಬಿನ ಹೋಲಿಕೆ ಇಲ್ಲಿ ಮೋಸ ಮಾಡುತ್ತದೆ. ಆ 13 ಗ್ರಾಂ ಗಣಿತಕ್ಕಾಗಿ ಆದ ಖರ್ಚಲ್ಲ. ಆ ಹುಡುಗಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಗಿರಾಕಿ ಬರಲಿ ಬಿಡಲಿ, ಅಂಗಡಿಯ ದೀಪ ಉರಿಯುವುದಿಲ್ಲವೇ, ಹಾಗೆ. ನರಕೋಶಗಳು ಸೋಡಿಯಂ, ಪೊಟ್ಯಾಸಿಯಂ ಕಣಗಳನ್ನು ಒಳಗೂ ಹೊರಗೂ ಪಂಪು ಮಾಡುತ್ತ ಸದಾ ಸಜ್ಜಾಗಿರಬೇಕು. ಖರ್ಚಿನ ದೊಡ್ಡ ಪಾಲು ಅಲ್ಲಿಯದು.

ಇದನ್ನು ಅಳೆದೂ ನೋಡಿದ್ದಾರೆ. ಅಮೆರಿಕದ ಸೊಕೊಲೋಫ್, ಕೆಟಿ ಮೊದಲಾದವರು 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಬಾಯಿಲೆಕ್ಕ ಮಾಡಲು ಹಚ್ಚಿದರು. ಮೆದುಳಿಗೆ ಹೋಗುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಕತ್ತಿನ ರಕ್ತನಾಳದಲ್ಲಿ ಮರಳುವಾಗ ಎಷ್ಟು ಉಳಿದಿದೆ ಎಂದು ನೋಡಿದರೆ ಖರ್ಚು ತಿಳಿಯುತ್ತದೆ. ಲೆಕ್ಕ ಮಾಡುವಾಗಲೂ ಒಟ್ಟು ಖರ್ಚು ಏರಲಿಲ್ಲ. ದುಡಿಯುವ ಭಾಗಗಳಲ್ಲಿ ತುಸು ಏರಿಕೆಯಾಗುವುದನ್ನು ನಂತರದ ಸೂಕ್ಷ್ಮ ಅಳತೆಗಳು ತೋರಿಸಿವೆ. ಒಟ್ಟಿನಲ್ಲಿ ನೂರಕ್ಕೆ ಐದು ಹೆಚ್ಚಿತೆಂದು ಹಿಡಿಯೋಣ: ಒಂದು ವ್ಯಾಟ್, ಮೂರು ಗಂಟೆಗೆ ಒಂದು ಗ್ರಾಮಿಗಿಂತ ಕಡಿಮೆ ಸಕ್ಕರೆ.

ಇನ್ನು ತಾಯಿಯ ಚಿಂತೆ. ಆರೋಗ್ಯವಂತರ ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ದಾಸ್ತಾನು ಊಟದ ನಂತರ ಸುಮಾರು 100 ಗ್ರಾಂ ಇರುತ್ತದೆ. ರಾತ್ರಿಯಿಡೀ ಅದು ಸ್ವಲ್ಪಸ್ವಲ್ಪವೇ ಕರಗಿ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಬೆಳಿಗ್ಗೆ ನವಕಾರಸಿ ಮುಗಿಸಿ ರೊಟ್ಟಿಯೋ ಉಪ್ಪಿಟ್ಟೋ ತಿಂದು ಹೋದರೆ ಉಗ್ರಾಣ ಮತ್ತೆ ತುಂಬತೊಡಗುತ್ತದೆ. ಪೇಪರು ಮುಗಿದಾಗ ಆಗುವ ಸುಸ್ತು ಸಕ್ಕರೆ ತೀರಿದ್ದರಿಂದ ಬಂದದ್ದಲ್ಲ. ನಿದ್ದೆಗೇಡು, ಆತಂಕ, ಬಿಸಿಲು, ಒಂದೇ ಕಡೆ ಬಿಗಿದು ಕೂತದ್ದು, ಇವೇ ಕಾರಣ.

ಒಂದು ಅಪವಾದವಿದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಕ್ಕಳಿಗೆ ರಕ್ತದ ಸಕ್ಕರೆ ನಿಜವಾಗಿಯೇ ಕುಸಿಯಬಹುದು. ಕೈ ನಡುಕ, ತಣ್ಣನೆ ಬೆವರು, ಓದಿದ ಸಾಲೇ ತಲೆಗೆ ಹೋಗದಿರುವುದು ಅದರ ಗುರುತು. ಅಂಥವರ ಕಿಸೆಯಲ್ಲಿ ಸಕ್ಕರೆ ಇರಲೇಬೇಕು, ಮೇಲ್ವಿಚಾರಕರಿಗೂ ಮೊದಲೇ ತಿಳಿಸಿರಬೇಕು.

ನಮ್ಮ ಅಂಗಡಿಯವರ ಮಗಳಿಗೆ ಆ ತೊಂದರೆ ಇರಲಿಲ್ಲ. ತಂದೆ ಡಬ್ಬಿಯನ್ನು ಕಪಾಟಿಗೆ ಮರಳಿಸಿ, ಸೋಸಿದ ನೀರಿನ ಬಾಟಲಿ ಕೊಟ್ಟು ಕಳಿಸಿದರು.