ತಿದ್ದಿದ ಮೇಲೆ ತಾಳೆ ನೋಡುವುದು

ಕಲ್ಯಾಣದಲ್ಲಿ ನೆಲೆಸಿರುವ ಹಿರಿಯರೊಬ್ಬರ ಲೇಖನವನ್ನು ತಿದ್ದಿಕೊಡುವ ಹೊಣೆ ಹಿಂದೊಮ್ಮೆ ನಮ್ಮ ಪಾಲಿಗೆ ಬಂದಿತ್ತು. ಠಾಣೆಯ ರೈಲಿನ ಚರಿತ್ರೆಯೊಡನೆ ಅವರು ತಮ್ಮ ಬಾಲ್ಯವನ್ನೂ ಹೆಣೆದಿದ್ದರು. ವಾಕ್ಯಗಳು ತೊಡಕಾಗಿದ್ದವು, ಪ್ರಸಂಗಗಳು ಹಿಂದುಮುಂದಾಗಿದ್ದವು. ನಾವು ಇಡೀ ಬರಹವನ್ನು ಹೊಸದಾಗಿ ಬರೆದೆವು. ಅದನ್ನು ಓದಿದ ಹಿರಿಯರು, "ಚಂದ ಉಂಟು ಮಾರಾಯರೇ, ಆದರೆ ಇದು ನಾನು ಹೇಳಿದ್ದಲ್ಲ" ಎಂದರು. ಆಮೇಲೆಯೇ ನಾವು ಎರಡು ಪ್ರತಿಗಳನ್ನೂ ಎದುರುಬದುರು ಇಟ್ಟು ನೋಡಿದ್ದು.

ಮೂಲದ ಒಂದು ವಾಕ್ಯ ಹೀಗಿತ್ತು: "1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ, ಸುಮಾರು 400 ಆಹ್ವಾನಿತರನ್ನು ಹೊತ್ತು 21 ಮೈಲಿ ಓಡಿದ್ದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು." ನಮ್ಮ ಕೈಯಲ್ಲಿ ಅದು ಹೀಗಾಗಿತ್ತು: "1853ರ ಏಪ್ರಿಲ್ 16ರಂದು 400 ಪ್ರಯಾಣಿಕರೊಡನೆ 21 ಕಿಲೋಮೀಟರ್ ಓಡಿ ಠಾಣೆ ತಲುಪಿದ್ದೇ ಭಾರತದ ಮೊದಲ ರೈಲು."

ಅಂಕಿಗಳನ್ನಷ್ಟೇ ಹೋಲಿಸಿದರೆ ಎಲ್ಲವೂ ಸರಿಯೇ. 1853, 16, 400, 21 ಎಲ್ಲವೂ ಇದ್ದಲ್ಲೇ ಇವೆ. ಆದರೆ 21 ಮೈಲಿ ಎಂದರೆ ಸುಮಾರು 34 ಕಿಲೋಮೀಟರ್. ಮೈಲಿ ಹಳತೆನಿಸಿ ಪದವನ್ನು ಬದಲಿಸಿದ ನಾವು ಅಂಕಿಯನ್ನು ಬದಲಿಸಲಿಲ್ಲ. ಆಹ್ವಾನಿತರು ಪ್ರಯಾಣಿಕರಾದರು, ಅವರೆಲ್ಲ ಟಿಕೆಟು ಕೊಂಡು ಹತ್ತಿದಂತೆ ತೋರಿತು. ಆದುದರಿಂದ ಅಂಕಿಯನ್ನು ಒಂಟಿಯಾಗಿ ತಾಳೆ ನೋಡಬಾರದು. ಅದರ ಅಳತೆ, ಅದು ಎಣಿಸುವ ವಸ್ತು, ಮುಂದಿರುವ "ಸುಮಾರು" ಈ ಮೂರನ್ನೂ ಸೇರಿಸಿ ನೋಡಬೇಕು.

ಇದಕ್ಕಿಂತ ದೊಡ್ಡ ತಪ್ಪು ಒಂದೇ ಪದದ ಲೋಪದಲ್ಲಿತ್ತು. "ಮೊದಲ ಪ್ರಯಾಣಿಕರ ರೈಲು" ಎಂಬುದು ಹಿರಿಯರು ತೂಗಿ ಬರೆದ ಮಾತು. ಮದರಾಸಿನ ರೆಡ್ ಹಿಲ್ಸ್ ಬಳಿ 1837ರಲ್ಲಿಯೇ ಕಲ್ಲು ಸಾಗಿಸುವ ರೈಲುಹಳಿಯಿತ್ತು. ರೂರ್ಕಿಯ ಸೋಲಾನಿ ಮೇಲ್ಗಾಲುವೆಯ ಕೆಲಸಕ್ಕೆ 1851ರಲ್ಲಿ ಉಗಿಯಂತ್ರ ಮಣ್ಣೆಳೆದಿತ್ತು. "ಪ್ರಯಾಣಿಕರ" ಎಂಬ ಪದ ವಾಕ್ಯದ ಓಟಕ್ಕೆ ಅಡ್ಡಿಯೆಂದು ನಾವು ಕಿತ್ತೆಸೆದೊಡನೆ ಸತ್ಯವಾದ ಮಾತು ಸುಳ್ಳಾಯಿತು.

ಕನ್ನಡದಲ್ಲಿ ಇಂಥ ಎಚ್ಚರಿಕೆಗಳು ಎಷ್ಟೋ ಸಲ ಬಿಡಿ ಪದಗಳಾಗಿಯೂ ಇರುವುದಿಲ್ಲ. "ಬಂದನಂತೆ" ಎಂಬಲ್ಲಿನ "ಅಂತೆ", "ಇರಬಹುದು" ಎಂಬಲ್ಲಿನ "ಬಹುದು" ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ವಾಕ್ಯವನ್ನು ಚುರುಕುಗೊಳಿಸುವಾಗ ಮೊದಲು ಬೀಳುವವು ಇವೇ. "ಪರಿಶೀಲಿಸಬಹುದು" ಎಂಬುದು "ಪರಿಶೀಲಿಸಲಾಗುವುದು" ಎಂದಾದರೆ ಕಚೇರಿಯಲ್ಲಿ ಕಡತವೇ ಹಿಂತಿರುಗುತ್ತದೆ. ಸಾಹಿತ್ಯದಲ್ಲಿ ಹಾಗೆ ಹಿಂತಿರುಗಿಸುವವರಿಲ್ಲ.

ಅಂದಿನಿಂದ ನಾವು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಮೊದಲು ಮೂಲವನ್ನಷ್ಟೇ ಮುಂದಿಟ್ಟುಕೊಂಡು ಅಂಕಿ, ಹೆಸರು, "ಸುಮಾರು", "ಬಹುಶಃ", "ಮಾತ್ರ", "ಅಂತೆ", "ಬಹುದು" ಇವುಗಳಿಗೆ ಅಡಿಗೆರೆ ಎಳೆದು, ಒಂದೊಂದನ್ನೂ ಹೊಸ ಪ್ರತಿಯಲ್ಲಿ ಹುಡುಕುತ್ತೇವೆ. ಕಳೆದುಹೋದವು ಹೀಗೆ ಸಿಗುತ್ತವೆ. ಬಳಿಕ ದಿಕ್ಕು ಬದಲಿಸಿ, ಹೊಸ ಪ್ರತಿಯ ಪ್ರತಿ ವಾಕ್ಯಕ್ಕೂ ಮೂಲದಲ್ಲಿ ಆಧಾರವೆಲ್ಲಿ ಎಂದು ಕೇಳುತ್ತೇವೆ. ನಾವೇ ಸೇರಿಸಿದ್ದು ಆಗ ಸಿಕ್ಕಿಬೀಳುತ್ತದೆ. ಈ ಕೆಲಸವನ್ನು ತಿದ್ದಿದವರೇ ಮಾಡಬಾರದು. ತಾವು ಬರೆಯಬಯಸಿದ್ದನ್ನೇ ಅವರ ಕಣ್ಣು ಓದುತ್ತದೆ. ಡೊಂಬಿವಿಲಿಯ ಗೆಳೆಯರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ನಾವು ಹೊಸ ಪ್ರತಿಯ ಮೇಲೆ ಬೆರಳಿಟ್ಟು ಕೇಳುತ್ತೇವೆ. ಮೂಲದಲ್ಲಿಯೇ ತಪ್ಪು ಕಂಡರೆ ಲೇಖಕರನ್ನು ಕೇಳುತ್ತೇವೆಯೇ ಹೊರತು ಸದ್ದಿಲ್ಲದೆ ಸರಿಪಡಿಸುವುದಿಲ್ಲ.

ಈ ಕ್ರಮಕ್ಕೂ ಸಿಗದ ಒಂದು ಸಂಗತಿಯಿದೆ, ಅದು ದನಿ. ಹಿರಿಯರು ಹುಡುಗನಾಗಿ ಕ್ಯಾಂಟೀನಿನಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಹೋಗುತ್ತಿದ್ದವರು. "ಪಾಠಕ್ಕಿಂತ ನಿದ್ದೆಯೇ ಚೆನ್ನಾಗಿ ಹತ್ತುತ್ತಿತ್ತು" ಎಂದು ಬರೆದಿದ್ದರು. ನಾವು ಅದನ್ನು "ದಣಿವನ್ನು ಲೆಕ್ಕಿಸದೆ ವಿದ್ಯೆಗಾಗಿ ಹಂಬಲಿಸಿದರು" ಎಂದು ಏರಿಸಿದ್ದೆವು. ತಮ್ಮನ್ನು ನೋಡಿ ತಾವೇ ನಗುತ್ತಿದ್ದ ಮನುಷ್ಯನನ್ನು ಸನ್ಮಾನದ ವೇದಿಕೆಯ ಮೇಲೆ ಕೂರಿಸಿದ್ದೆವು. ಅವರು "ನಾನು ಹೇಳಿದ್ದಲ್ಲ" ಎಂದದ್ದು ಮೈಲಿಯ ಕುರಿತಲ್ಲ, ಈ ವಾಕ್ಯದ ಕುರಿತು.

ದನಿಯನ್ನು ಅಡಿಗೆರೆಯಿಂದ ಹಿಡಿಯಲಾಗದು. ಬರೆದವರ ಕಿವಿಯೇ ಅದಕ್ಕೆ ತಕ್ಕಡಿ. ಆದ್ದರಿಂದ ಬಹಳವಾಗಿ ತಿದ್ದಿದ ಯಾವ ಬರಹವೂ ಲೇಖಕರು ಒಮ್ಮೆ ಓದದೆ ಪ್ರಕಟವಾಗಕೂಡದೆಂಬುದು ನಮ್ಮ ಅಭಿಪ್ರಾಯ. ಒಂದು ವಾರ ತಡವಾದರೆ ಆಗಲಿ. ಹಿರಿಯರ ಲೇಖನ ಕೊನೆಗೆ 21 ಮೈಲಿಯೊಡನೆ, ಆ ನಿದ್ದೆಯೊಡನೆಯೇ ಪ್ರಕಟವಾಯಿತು.