ಮನೆ ಇಲ್ಲವೆಂದಾದರೂ ಹೇಳಿ



ಬೆಂಗಳೂರಿನಲ್ಲಿ ‘ಟು–ಲೆಟ್’ ಬೋರ್ಡು ನೋಡಿ ಬಂದವರಿಗೆ ಅನೇಕ ಮಾಲೀಕರು ‘ಆಮೇಲೆ ಹೇಳ್ತೀವಿ’ ಎಂದು ಸುಮ್ಮನಾಗುತ್ತಾರೆ. ಕೆಲವರಂತೂ ಜಾತಿ, ಊಟ, ಮದುವೆಯ ವಿಚಾರಕ್ಕೇ ಇಳಿಯುತ್ತಾರೆ.

ಆದರೆ ಬಸವನಗುಡಿಯ ಮಾಲೀಕರೊಬ್ಬರು ಮನೆ ನೋಡಿ ಹೋದವರಿಗೆ ಇತ್ತೀಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದರು: ‘ನಮಸ್ಕಾರ. ಮನೆ ನೋಡಲು ಬಂದಿದ್ದಕ್ಕೆ ಧನ್ಯವಾದ. ನಿಮಗಿಂತ ಮೊದಲು ಕೇಳಿದ್ದವರು ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡಿದ್ದಾರೆ. ಹಾಗಾಗಿ ನಿಮಗೆ ಮನೆ ಕೊಡಲಾಗುತ್ತಿಲ್ಲ. ನೀವು ಕಳಿಸಿದ್ದ ಆಧಾರ್ ಪ್ರತಿ ಅಳಿಸಿದ್ದೇನೆ.’

ಇದರಲ್ಲಿ ಬಂದವರ ಬಗ್ಗೆ ಒಂದು ಮಾತೂ ಇಲ್ಲ, ಇರುವುದು ಮನೆಯ ವಿಷಯ ಮಾತ್ರ. ಆದರೆ ಕಾರಣ ನಿಜವಿರಬೇಕು. ಹೀಗೆ ಬರೆದ ಮೇಲೂ ಗೇಟಿನ ಬೋರ್ಡು ನೇತಾಡುತ್ತಿದ್ದರೆ ಸುಳ್ಳು ಇಡೀ ಬೀದಿಗೆ ಗೊತ್ತಾಗುತ್ತದೆ! ಅದರ ಬದಲು ‘ನಮ್ಮನೆಯವರು ಒಪ್ಪಲಿಲ್ಲ’ ಎಂದರೆ ‘ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮಾಲೀಕರು ದಯವಿಟ್ಟು ನಿರ್ಧಾರವಾದ ದಿನವೇ ತಿಳಿಸಲಿ. ಬಂದವರು ಬೇರೆ ಮನೆ ನೋಡಿಕೊಳ್ಳುತ್ತಾರೆ.

— ಓದುಗ, ಬೆಂಗಳೂರು