ಬಿಡುವುದನ್ನು ಕಲಿಸದ ತಯಾರಿ

ಇಂಟರ್ನ್‌ಶಿಪ್‌ಗೆ ನೂರಾರು ಹುಡುಗರು ಅರ್ಜಿ ಹಾಕಿದಾಗ ಎಲ್ಲರನ್ನೂ ಕೂರಿಸಿ ಮಾತಾಡಿಸಲು ಕಂಪನಿಯವರಿಗೆ ಪುರುಸೊತ್ತಿರುವುದಿಲ್ಲ. ಆಪ್ಟಿಟ್ಯೂಡ್ ಟೆಸ್ಟ್, ಗ್ರೂಪ್ ಡಿಸ್ಕಷನ್ ಎರಡೂ ಮುಖ್ಯವಾಗಿ ಪಟ್ಟಿಯನ್ನು ಚಿಕ್ಕದು ಮಾಡಲು ಇರುವಂಥವು. ನಮ್ಮ ಕಾಲೇಜುಗಳಲ್ಲಿ ಮಾತ್ರ ದಪ್ಪ ಪುಸ್ತಕದ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸುವುದನ್ನೇ ತಯಾರಿ ಎನ್ನುತ್ತಾರೆ.

ಒಂದು ಲೆಕ್ಕ ನೋಡಿ. ಒಂದು ನಲ್ಲಿ ತೊಟ್ಟಿಯನ್ನು 12 ಗಂಟೆಯಲ್ಲಿ, ಇನ್ನೊಂದು 18 ಗಂಟೆಯಲ್ಲಿ ತುಂಬಿಸುತ್ತದೆ. ಎರಡನ್ನೂ ಬಿಟ್ಟು, 4 ಗಂಟೆಯಾದ ಮೇಲೆ ಮೊದಲನೆಯದನ್ನು ನಿಲ್ಲಿಸಿದರೆ ತೊಟ್ಟಿ ತುಂಬಲು ಒಟ್ಟು ಎಷ್ಟು ಹೊತ್ತು? ಭಿನ್ನರಾಶಿ ಹಿಡಿದು ಹೊರಟರೆ ತಡವಾಗುತ್ತದೆ. 12 ಮತ್ತು 18ರ ಲ.ಸಾ.ಅ. 36. ತೊಟ್ಟಿಗೆ 36 ಕೊಡ ನೀರು ಎಂದುಕೊಂಡರೆ ಗಂಟೆಗೆ ಒಂದರಿಂದ 3 ಕೊಡ, ಇನ್ನೊಂದರಿಂದ 2 ಕೊಡ. ನಾಲ್ಕು ಗಂಟೆಗೆ 20 ಕೊಡ ಬಂತು. ಉಳಿದ 16 ಕೊಡಕ್ಕೆ ಎರಡನೆಯ ನಲ್ಲಿಗೆ 8 ಗಂಟೆ ಬೇಕು. ಒಟ್ಟು 12. ಆದರೆ ಉತ್ತರದ ಆಯ್ಕೆಗಳಲ್ಲಿ 8 ಕೂಡ ಇದ್ದೇ ಇರುತ್ತದೆ. ‘ಒಟ್ಟು’ ಎಂಬುದನ್ನು ಗಮನಿಸದವರಿಗಾಗಿಯೇ ಅದನ್ನು ಇಟ್ಟಿರುತ್ತಾರೆ. ಹಾಗಾಗಿ ಅಣಕು ಪರೀಕ್ಷೆಯಲ್ಲಿ ತಪ್ಪಿದ ಪ್ರತಿ ಲೆಕ್ಕದ ಪಕ್ಕದಲ್ಲೂ ಕಾರಣ ಬರೆದಿಡಬೇಕು: ವಿಧಾನ ಗೊತ್ತಿರಲಿಲ್ಲವೋ, ತಡವಾಯಿತೋ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೋ. ಮೂರನೆಯ ಕಾಯಿಲೆಗೆ ಹೊಸ ಸೂತ್ರ ಕಲಿತರೆ ವಾಸಿಯಾಗದು.

ಪ್ರಶ್ನೆ ಬಿಡುವುದಕ್ಕೂ ಲೆಕ್ಕವಿದೆ. ನಾಲ್ಕು ಆಯ್ಕೆ, ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ ಎಂದಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿದವನಿಗೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೇ ಒಂದು ಆಯ್ಕೆ ಖಂಡಿತ ತಪ್ಪು ಎಂದು ತಿಳಿದರೂ ಊಹಿಸುವುದು ಲಾಭಕರ. ಏನೂ ತೋಚದಿದ್ದರೆ ಒಂದು ನಿಮಿಷದೊಳಗೆ ಮುಂದಿನ ಪ್ರಶ್ನೆಗೆ ಹೋಗುವುದು ಲೇಸು. ಕೆಲವು ಪರೀಕ್ಷೆಗಳಲ್ಲಿ ಹಿಂದಿನ ಪ್ರಶ್ನೆಗೆ ಮರಳಲಾಗದು, ಇನ್ನು ಕೆಲವುಗಳಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಕಟ್‌ಆಫ್. ಗಣಿತದಲ್ಲಿ ಮಿಂಚಿ ಇಂಗ್ಲಿಷ್ ವಿಭಾಗದಲ್ಲಿ ಜಾರಿದವರು ಹೊರಗುಳಿಯುತ್ತಾರೆ. ಸೂಚನೆಗಳನ್ನು ಓದುವ ಹೊತ್ತು ದಂಡವಲ್ಲ.

ಗ್ರೂಪ್ ಡಿಸ್ಕಷನ್‌ನಲ್ಲಿ ಬಿಡಬೇಕಾದದ್ದು ಮಾತು. ಹತ್ತು ಜನ, ಹದಿನೈದು ನಿಮಿಷ ಎಂದರೆ ತಲೆಗೆ ಒಂದೂವರೆ ನಿಮಿಷ. ಎಷ್ಟೋ ಕಡೆ ಅದು ಮೀನು ಸಂತೆಯಾಗುತ್ತದೆ, ಮೊದಲು ಬಾಯಿ ಹಾಕಿದವರೇ ಗೆದ್ದಂತೆ ಕಾಣುತ್ತಾರೆ. ‘ಇಂಟರ್ನ್‌ಗಳು ಮನೆಯಿಂದಲೇ ಕೆಲಸ ಮಾಡಬಹುದೇ?’ ಎಂಬ ವಿಷಯ ಬಂತೆನ್ನಿ. ಖರ್ಚು ಉಳಿಯುತ್ತದೆ ಎಂದು ಮೂವರು ಹೇಳಿದ್ದಾರೆ. ನಾಲ್ಕನೆಯವಳು ‘ಇವರು ಹೇಳಿದ ಉಳಿತಾಯ ನಿಜ, ಆದರೆ ಕೋಡ್ ಕೈಕೊಟ್ಟಾಗ ಪಕ್ಕದಲ್ಲಿದ್ದವರನ್ನು ಕೇಳಿ ಕಲಿಯುವುದು ತಪ್ಪುತ್ತದೆ’ ಎಂದರೆ ಚರ್ಚೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಹಿಂದಿನವರನ್ನು ಕೇಳಿಸಿಕೊಂಡದ್ದೂ ಗೊತ್ತಾಗುತ್ತದೆ.

ಇದನ್ನು ಕನ್ನಡಿಯ ಮುಂದೆ ಕಲಿಯಲಾಗದು. ಗೆಳೆಯರು ಗುಂಪಾಗಿ ಕೂತು ಅಭ್ಯಾಸ ಮಾಡುವಾಗ ಪ್ರತಿ ಸಲ ಒಬ್ಬರು ಮಾತಾಡದೆ ಹೊರಗೆ ಕೂತು, ಯಾರು ಯಾರ ಮಾತನ್ನು ಮುಂದುವರಿಸಿದರು, ಯಾರು ಯಾರ ಮಾತು ಕತ್ತರಿಸಿದರು ಎಂದು ಬರೆದುಕೊಳ್ಳಲಿ. ಇಂಗ್ಲಿಷ್ ಮನೆಮಾತಿನಂತಿರುವವರಿಗೆ ಈ ಸುತ್ತು ಸಲೀಸು ಎಂಬುದು ಸುಳ್ಳಲ್ಲ, ಆ ಅನ್ಯಾಯವನ್ನು ಯಾವ ತಯಾರಿಯೂ ಪೂರ್ತಿ ಅಳಿಸದು. ಕನ್ನಡ ಮಾಧ್ಯಮದಿಂದ ಬಂದವರು ತೊಡರುವುದು ಬಹುಪಾಲು ಮೊದಲ ವಾಕ್ಯದಲ್ಲಿ. ಇನ್ನೊಬ್ಬರ ಮಾತಿನಿಂದಲೇ ಶುರು ಮಾಡಿದರೆ ಆ ವಾಕ್ಯದ ಅರ್ಧಭಾಗ ಅವರೇ ಒದಗಿಸಿರುತ್ತಾರೆ.